ಎರಡು ಡಿಗ್ರಿ ಎಲ್ಲಿ ಹೋಯ್ತು?

ರಾಯಚೂರಿನ ಎಣ್ಣೆ ಮಿಲ್ಲೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ಮೇ ತಿಂಗಳು, ಎಣ್ಣೆ ಬಾತ್‌ನಲ್ಲಿ ಪಾದರಸದ ಥರ್ಮಾಮೀಟರ್ 150 ಡಿಗ್ರಿ ತೋರಿಸುತ್ತಿತ್ತು. ಪಕ್ಕದಲ್ಲೇ ಇಳಿಬಿಟ್ಟ ಡಿಜಿಟಲ್ ಪ್ರೋಬ್ 151.8 ಅನ್ನುತ್ತಿತ್ತು. "ಗಾಜಿಂದು ಕೆಟ್ಟೈತ್ರಿ ಸರ್, ಹೊಸಾದು ತರಸ್ರಿ" ಅಂದ ನಮ್ಮ ಹುಡುಗ.

ಐಸ್‌ನಲ್ಲಿಟ್ಟು ಸೊನ್ನೆ ನೋಡೋಣ ಅಂದೆ. ಆದರೆ ಆವತ್ತೇ ನೋಡಲಿಲ್ಲ. ಜಾಸ್ತಿ ಬಿಸಿಯಾದ ಬಲ್ಬ್ ತಣ್ಣಗಾದ ಕೂಡಲೇ ಹಳೆಯ ಗಾತ್ರಕ್ಕೆ ಬರುವುದಿಲ್ಲ, ಹಾಗಾಗಿ ಸೊನ್ನೆ ಸ್ವಲ್ಪ ಕೆಳಗೆ ಕಾಣುತ್ತದೆ. ಮೂರು ದಿನ ಸುಮ್ನೆ ಬಿಟ್ಟೆ.

ಐಸ್ ಫ್ಯಾಕ್ಟರಿಯ ಗಡ್ಡೆ ತರಿಸಲಿಲ್ಲ. ನೀರಲ್ಲಿ ಉಪ್ಪಿನಂಶ ಇದ್ದರೆ ಐಸೇ ಸೊನ್ನೆಗಿಂತ ಕೆಳಗಿರುತ್ತದೆ. ಡಿಸ್ಟಿಲ್ಡ್ ವಾಟರನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಸಣ್ಣಗೆ ಕುಟ್ಟಿ, ಥರ್ಮಾಸ್ ಫ್ಲಾಸ್ಕಿಗೆ ಒತ್ತಿ ತುಂಬಿದೆ. ಮೇಲೆ ಅದೇ ನೀರನ್ನು ತಣ್ಣಗೆ ಮಾಡಿ ಸುರಿದೆ. ಬೆಳ್ಳಗೆ ಒಣಗಿದಂತಿದ್ದ ಐಸ್ ಒದ್ದೆಯಾಗಿ ಕನ್ನಡಿಯಂತಾಗಬೇಕು. ಬೆಳ್ಳಗಿದ್ದರೆ ಅದಿನ್ನೂ ಸೊನ್ನೆಗಿಂತ ತಣ್ಣಗಿದೆ ಅಂತಲೇ. ಹೆಚ್ಚಾದ ನೀರು ಬಸಿದುಬಿಡಬೇಕು. ಇಲ್ಲವಾದರೆ ಐಸ್ ತೇಲಿ, ಬಲ್ಬ್ ತಳದ ನೀರಿನಲ್ಲಿ ನಿಲ್ಲುತ್ತದೆ. ಆ ನೀರು 4 ಡಿಗ್ರಿವರೆಗೂ ಇರಬಹುದು!

ಸೊನ್ನೆ ಗೆರೆಯವರೆಗೂ ಹೂತು ಇಪ್ಪತ್ತು ನಿಮಿಷ ಕಾದೆ. ಮೆಲ್ಲಗೆ ಬೆರಳಿಂದ ತಟ್ಟಿ, ಲೆನ್ಸಿನಲ್ಲಿ ಕಣ್ಣು ನೇರಕ್ಕಿಟ್ಟು ನೋಡಿದರೆ 0.3. ಅಂದರೆ ಎಲ್ಲಾ ರೀಡಿಂಗಿನಿಂದಲೂ 0.3 ಕಳೆಯಬೇಕು. ಹಾಗೆ ಕಳೆದರೆ 149.7, ಅಂತರ ಇನ್ನೂ ಜಾಸ್ತಿಯೇ ಆಯ್ತಲ್ಲ!

ಆಗ ಥರ್ಮಾಮೀಟರಿನ ಬೆನ್ನು ನೋಡಿದೆ. ಇಷ್ಟು ಮುಳುಗಿಸಿ ಅನ್ನುವ ಗೆರೆಯೇ ಇರಲಿಲ್ಲ. ಪಾದರಸದ ತುದಿಯವರೆಗೂ ಮುಳುಗಿಸಿ ಓದಬೇಕಾದ ಜಾತಿ ಅದು. ನಮ್ಮ ಬಾತ್‌ನಲ್ಲಿ ಎಣ್ಣೆ 30ರ ಗೆರೆಗೇ ಮುಗಿಯುತ್ತಿತ್ತು. ಮೇಲಿನ 120 ಡಿಗ್ರಿಯಷ್ಟು ಪಾದರಸದ ಎಳೆ ಹೊರಗೆ ತಣ್ಣಗೆ, ಪೂರ್ತಿ ಹಿಗ್ಗದೆ ನಿಂತಿತ್ತು. ಅನುಮಾನ ತೀರಲಿ ಅಂತ ಅದನ್ನು ಇನ್ನಷ್ಟು ಆಳಕ್ಕೆ ಇಳಿಸಿದೆ. ಪ್ರೋಬ್ ಅಲ್ಲಾಡಲಿಲ್ಲ, ಗಾಜಿನದು ಏರಿತು.

ಮತ್ತೆ ಮೊದಲಿನ ಜಾಗಕ್ಕೆ ತಂದು, ಹೊರಗಿನ ಎಳೆಯ ನಡುವೆ, 90ರ ಹತ್ತಿರ, ಸಣ್ಣ ಥರ್ಮಾಮೀಟರಿನ ಬಲ್ಬ್ ತಾಗಿಸಿ ದಾರ ಸುತ್ತಿದೆ. 46 ಬಂತು. n ಅಂದರೆ ಹೊರಗಿನ ಎಳೆ ಎಷ್ಟು ಡಿಗ್ರಿ ಉದ್ದ, T ಬಾತ್‌ನ ಬಿಸಿ, t ಹೊರಗಿನ ಎಳೆಯ ಬಿಸಿ. ಲೆಕ್ಕ ಇಷ್ಟೇ:

```
0.00016 × n × (T − t)
0.00016 × 120 × (150 − 46) = 2.0
150 − 0.3 + 2.0 = 151.7
```

0.00016 ಅನ್ನುವುದು ಪಾದರಸ ಗಾಜಿಗಿಂತ ಡಿಗ್ರಿಗೆ ಎಷ್ಟು ಹೆಚ್ಚು ಹಿಗ್ಗುತ್ತದೆ ಅನ್ನುವ ಲೆಕ್ಕ. ಬಣ್ಣದ ಸ್ಪಿರಿಟ್ ಇರುವುದಕ್ಕೆ ಇದನ್ನು ಹಾಕಬೇಡಿ. ಡಿಸೆಂಬರಿನಲ್ಲಿ ಅದೇ ಜಾಗ ನೋಡಿದಾಗ 32 ಇತ್ತು, ತಿದ್ದುಪಡಿ 2.3 ಆಯ್ತು. ಅಂದರೆ ಒಮ್ಮೆ ಲೆಕ್ಕ ಹಾಕಿ ಗೋಡೆಗೆ ಅಂಟಿಸಿದರೆ ಸಾಲದು.

ಆಮೇಲೆ 76 ಮಿಲಿಮೀಟರ್ ಮುಳುಗಿಸಿ ಅನ್ನುವ ಗೆರೆ ಇರುವ ಥರ್ಮಾಮೀಟರ್ ತರಿಸಿದೆವು. ಇನ್ನು ಲೆಕ್ಕ ಬೇಡ ಅಂದುಕೊಂಡಿದ್ದೆ. ಆದರೆ ಅದರ ಸರ್ಟಿಫಿಕೇಟಿನಲ್ಲಿ ಹೊರಗಿನ ಭಾಗ 25 ಡಿಗ್ರಿ ಅಂತ ಹಿಡಿದಿದ್ದರು. ನಮ್ಮ ಬೇಸಿಗೆಯಲ್ಲಿ ಅಲ್ಲಿ 46! ಗೆರೆಯಿಂದ ಮೇಲೆ 120 ಡಿಗ್ರಿ ಎಳೆ ಇದ್ದರೆ 0.4 ಹೆಚ್ಚೇ ತೋರಿಸುತ್ತದೆ. ಈ ಸಲ ಕೂಡಿಸುವುದಲ್ಲ, ಕಳೆಯುವುದು. ರಿಜಿಸ್ಟರಿನಲ್ಲಿ ಹೊರಗಿನ ಎಳೆಯ ಬಿಸಿಗೂ ಒಂದು ಕಾಲಂ ಗೆರೆ ಹಾಕಿದ್ದೇನೆ. ಹುಡುಗ ಗೊಣಗುತ್ತಲೇ ತುಂಬುತ್ತಾನೆ.