ಅಂಗಡಿಯೊಳಗೆ ಶೂಟಿಂಗ್ ಮಾಡಬೇಕೇ? ಯಜಮಾನರಿಗೆ ಮೇಲ್ ಬರೆಯುವುದು ಹೀಗೆ

ಕಿರುಚಿತ್ರ ಮಾಡುವ ವಿದ್ಯಾರ್ಥಿಗಳು ಅಂಗಡಿಯವರಿಗೆ ಕಳಿಸುವ ಮೇಲ್‌ಗಳನ್ನು ಮೊದಲು ನನಗೆ ತೋರಿಸುವುದುಂಟು. ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ: ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಶಾಲೆಯಲ್ಲಿ ರಜಾ ಚೀಟಿ ಬರೆದು ಕಲಿತದ್ದು ಇದು. ಆಮೇಲೆ ಕಥೆಯ ಬಗ್ಗೆ ಎರಡು ಪ್ಯಾರಾ, ಸಿನಿಮಾ ಎಂದರೆ ತಮಗೆಷ್ಟು ಆಸೆ ಎಂದು ಒಂದು ಪ್ಯಾರಾ. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂಬುದು ಎಲ್ಲೂ ಇರುವುದಿಲ್ಲ.

ಅಂಗಡಿ ಯಜಮಾನರಿಗೆ ಕ್ಯಾಮೆರಾ ಕಂಡರೆ ಭಯವೇನಿಲ್ಲ. ಅವರ ಚಿಂತೆ ವ್ಯಾಪಾರದ್ದು. ಗಿರಾಕಿ ಬಾಗಿಲಲ್ಲೇ ನಿಂತು ವಾಪಸ್ ಹೋದರೆ? ಜೋಡಿಸಿಟ್ಟ ಡಬ್ಬಿ ಬಿದ್ದರೆ? ಗಲ್ಲಾ ಪೆಟ್ಟಿಗೆ ಹತ್ತಿರ ಗುರುತಿಲ್ಲದವರು ಓಡಾಡಿದರೆ? ಇವಕ್ಕೆ ಉತ್ತರ ಕೊಡುವ ಮೇಲ್ ಸರಳವಾಗಿದ್ದರೂ ಸಾಕು, ಅದೇ ಮರ್ಯಾದೆಯ ಮೇಲ್.

ಮೈಸೂರಿನ ಒಬ್ಬ ವಿದ್ಯಾರ್ಥಿನಿಯ ಮೇಲ್ ಇಟ್ಟುಕೊಂಡೇ ಇದನ್ನು ಹೇಳುತ್ತೇನೆ. ಅವಳದ್ದು ಹತ್ತು ನಿಮಿಷದ ಚಿತ್ರ. ಅದರಲ್ಲಿ ಎರಡು ನಿಮಿಷದ ಒಂದು ದೃಶ್ಯ ದಿನಸಿ ಅಂಗಡಿಯಲ್ಲಿ ನಡೆಯುತ್ತದೆ. ತೀರಿಹೋದ ಅಪ್ಪನ ಸಾಲ ತೀರಿಸಲು ಮಗ ಬರುತ್ತಾನೆ. ಅಂಗಡಿಯವರು ಸಾಲದ ಪುಸ್ತಕ ತಿರುವಿ ಹಾಕಿ, ಬಾಕಿ ಏನೂ ಇಲ್ಲ ಎನ್ನುತ್ತಾರೆ.

ಹೆಜ್ಜೆ 1: ಮೇಲ್‌ಗಿಂತ ಮೊದಲು ಅಂಗಡಿಗೆ ಹೋಗಿ

ಗುರುತಿಲ್ಲದವರ ಮೇಲ್ ಅನ್ನು ಅಂಗಡಿಯವರು ತೆರೆಯುವುದೇ ಅಪರೂಪ. ಮಧ್ಯಾಹ್ನ ಮೂರರ ಹೊತ್ತಿಗೆ, ವ್ಯಾಪಾರ ಸ್ವಲ್ಪ ತಣ್ಣಗಿರುವಾಗ ಹೋಗಿ. ಬೆಳಿಗ್ಗೆ ಬೋಣಿ ಆಗುವ ಮುಂಚೆ ಹೋಗಬೇಡಿ. ಸಂಜೆ ಆರರಿಂದ ಎಂಟರವರೆಗಂತೂ ಬೇಡವೇ ಬೇಡ. ಏನಾದರೂ ಕೊಂಡುಕೊಳ್ಳಿ. ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿ, ‘ವಿವರ ಎಲ್ಲಾ ಮೇಲ್ ಮಾಡ್ತೀನಿ ಸರ್, ಮನೇಲಿ ಕೂತು ನೋಡಿ’ ಎಂದು ವಿಳಾಸ ಕೇಳಿ. ಎಷ್ಟೋ ಅಂಗಡಿಗಳಲ್ಲಿ ಮೇಲ್ ನೋಡುವುದು ಮಗ ಅಥವಾ ಮಗಳು. ಅವರ ಹೆಸರನ್ನೂ ಕೇಳಿಕೊಳ್ಳಿ.

ಅಂಗಡಿಗೇ ಹೋದ ಮೇಲೆ ಮೇಲ್ ಯಾಕೆ ಅಂತ ಅನ್ನಿಸಬಹುದು. ಯಜಮಾನರು ಅದನ್ನು ತಮ್ಮನಿಗೆ, ಪಾಲುದಾರರಿಗೆ, ಕಟ್ಟಡದ ಮಾಲೀಕರಿಗೆ ತೋರಿಸಬೇಕಾಗುತ್ತದೆ. ನಾಳೆ ಮಾತು ಹೆಚ್ಚುಕಮ್ಮಿಯಾದರೆ ಇಬ್ಬರ ಬಳಿಯೂ ಬರಹ ಇರುತ್ತದೆ.

ಅಲ್ಲಿ ನಿಂತಿರುವಾಗಲೇ ಮೂರು ವಿಷಯ ನೋಡಿಕೊಳ್ಳಿ. ಫ್ರಿಜ್ ಎಲ್ಲಿದೆ, ಎಷ್ಟು ಸದ್ದು ಮಾಡುತ್ತದೆ. ಪ್ಲಗ್ ಎಲ್ಲಿದೆ. ವಾರದ ರಜೆ ಯಾವತ್ತು. ನಮ್ಮ ವಿದ್ಯಾರ್ಥಿನಿ ನೋಡಿದ ಅಂಗಡಿ ಭಾನುವಾರ ಒಂದೂವರೆಗೆ ಬಾಗಿಲು ಹಾಕುತ್ತಿತ್ತು. ಶೂಟಿಂಗ್‌ಗೆ ಅದೇ ಸರಿಯಾದ ಹೊತ್ತು.

ಹೆಜ್ಜೆ 2: ಸಮಯವನ್ನು ಕೂಡಿ ಲೆಕ್ಕ ಹಾಕಿ

ಹೊಸಬರು ತಪ್ಪುವುದು ಇಲ್ಲೇ ಜಾಸ್ತಿ. ಎರಡು ನಿಮಿಷದ ದೃಶ್ಯ ತಾನೇ ಎಂದು ‘ಒಂದು ಗಂಟೆ ಸಾಕು ಸರ್’ ಎಂದು ಬರೆದುಬಿಡುತ್ತಾರೆ. ಕಾಲೇಜು ದಿನಗಳಲ್ಲಿ ನಾನೂ ಹಾಗೇ ಬರೆದಿದ್ದೆ. ಕೆಲಸ ನಾಲ್ಕು ಗಂಟೆ ಹಿಡಿಯಿತು. ಅಂಗಡಿಯ ಹಿರಿಯರು ಊಟ ಬಿಟ್ಟು ಸ್ಟೂಲಿನ ಮೇಲೆ ಕೂತೇ ಇದ್ದರು. ಒಂದು ಮಾತೂ ಆಡಲಿಲ್ಲ. ಅವರ ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಲೆಕ್ಕ ಹೀಗೆ. ದೃಶ್ಯದಲ್ಲಿ ಒಂಬತ್ತು ಶಾಟ್ ಇವೆ ಎನ್ನೋಣ. ಲೈಟು ಸರಿಸಿ, ಒಮ್ಮೆ ರಿಹರ್ಸಲ್ ಮಾಡಿ, ಎರಡು ಮೂರು ಟೇಕ್ ತೆಗೆಯಲು ಒಂದೊಂದಕ್ಕೆ 20 ನಿಮಿಷ ಬೇಕು. ಅಲ್ಲಿಗೆ ಮೂರು ಗಂಟೆ. ಸಾಮಾನು ಇಳಿಸಿ ಜೋಡಿಸಲು 45 ನಿಮಿಷ. ಎಲ್ಲವನ್ನೂ ಮೊದಲಿದ್ದಂತೆ ಇಟ್ಟು ಗುಡಿಸಿ ಹೊರಡಲು ಇನ್ನೊಂದು 45 ನಿಮಿಷ. ಒಟ್ಟು ನಾಲ್ಕೂವರೆ ಗಂಟೆ. ಅಷ್ಟನ್ನೇ ಕೇಳಿ. ಜಾಸ್ತಿ ಅನ್ನಿಸಿದರೆ ಶಾಟ್ ಕಡಿಮೆ ಮಾಡಿ, ಸುಳ್ಳು ಸಮಯ ಮಾತ್ರ ಬರೆಯಬೇಡಿ.

ದಿನ ಆರಿಸುವಾಗ ತಿಂಗಳ ಮೊದಲ ವಾರ ಬಿಡಿ. ಸಂಬಳ ಬಂದು ಮನೆಮನೆಯವರು ತಿಂಗಳ ಸಾಮಾನು ಒಯ್ಯುವ ಹೊತ್ತು ಅದು. ಅಂಗಡಿ ಪೂಜೆ ಮಾಡುವವರಿಗೆ ಅಮಾವಾಸ್ಯೆ ಆಗದು. ಕ್ಯಾಲೆಂಡರಿನಲ್ಲಿ ರಾಹುಕಾಲವನ್ನೂ ನೋಡಿ. ಭಾನುವಾರ ಅದು ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರು. ನೀವು ನಂಬದಿದ್ದರೂ ಪರವಾಗಿಲ್ಲ, ಅವರ ಅಂಗಡಿಯಲ್ಲಿ ಕೆಲಸ ಶುರು ಮಾಡುವಾಗ ಅವರ ಮನಸ್ಸು ನಿರಾಳವಾಗಿರಲಿ.

ಹೆಜ್ಜೆ 3: ಬರೆಯಿರಿ

ಅವರು ಓದುವುದು ಮೊಬೈಲ್‌ನಲ್ಲಿ. ವಿಷಯದ ಸಾಲಿನಲ್ಲಿ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತವೆ, ಹಾಗಾಗಿ ‘ಅಂಗಡಿ’ ಮತ್ತು ‘ಶೂಟಿಂಗ್’ ಎರಡೂ ಅಷ್ಟರೊಳಗೇ ಬರಬೇಕು. ‘ಅಂಕಲ್’ ಎಂದು ಕೌಂಟರಿನಲ್ಲಿ ಕರೆದರೆ ಸರಿ, ಬರಹದಲ್ಲಿ ಅವರ ಹೆಸರಿನ ಜೊತೆ ‘ಅವರಿಗೆ’ ಎಂದಿರಲಿ. ಆ ವಿದ್ಯಾರ್ಥಿನಿ ಕೊನೆಗೆ ಕಳಿಸಿದ ಮೇಲ್ ಇದು. ಹೆಸರುಗಳನ್ನು ತೆಗೆದಿದ್ದೇನೆ.

> ವಿಷಯ: ನಿಮ್ಮ ಅಂಗಡಿಯಲ್ಲಿ ಶೂಟಿಂಗ್‌ಗೆ ಅನುಮತಿ ಕೋರಿ (ಜುಲೈ 19, ಭಾನುವಾರ ಮಧ್ಯಾಹ್ನ)
>
> ಶ್ರೀ ________ ಅವರಿಗೆ ನಮಸ್ಕಾರ.
>
> ಸರ್, ಮಂಗಳವಾರ ಮಧ್ಯಾಹ್ನ ಅಂಗಡಿಗೆ ಬಂದು ಹೆಸರುಬೇಳೆ ತೆಗೆದುಕೊಂಡು, ನಿಮ್ಮ ಹತ್ತಿರ ಮಾತಾಡಿ ಹೋದ ವಿದ್ಯಾರ್ಥಿನಿ ನಾನು. ಓದಿನ ಭಾಗವಾಗಿ ಹತ್ತು ನಿಮಿಷದ ಚಿತ್ರ ಮಾಡುತ್ತಿದ್ದೇನೆ. ಅದರ ಒಂದು ದೃಶ್ಯವನ್ನು ನಿಮ್ಮ ಅಂಗಡಿಯೊಳಗೆ ತೆಗೆಯಲು ಅನುಮತಿ ಕೇಳುತ್ತಿದ್ದೇನೆ.
>
> ದೃಶ್ಯ ಇಷ್ಟೇ: ಅಪ್ಪನ ಸಾಲ ತೀರಿಸಲು ಬಂದ ಹುಡುಗನಿಗೆ, ಅಂಗಡಿಯವರು ಬಾಕಿ ಇಲ್ಲವೆಂದು ಹೇಳಿ ಕಳಿಸುತ್ತಾರೆ. ಅಂಗಡಿಯವರದು ಒಳ್ಳೆಯ ಮನಸ್ಸಿನ ಪಾತ್ರ.
>
> ನೀವು ಬಾಗಿಲು ಹಾಕಿದ ಮೇಲೆ, ಎರಡು ಗಂಟೆಗೆ ಬಂದು ಆರೂವರೆಗೆ ಹೊರಡುತ್ತೇವೆ. ನಟರೂ ಸೇರಿ ಏಳು ಜನ ಇರುತ್ತೇವೆ. ಆ ದಿನ ಆಗದಿದ್ದರೆ 26ರ ಭಾನುವಾರವೂ ನಮಗೆ ಸರಿ.
>
> ಕ್ಯಾಮೆರಾ ಕೌಂಟರಿನ ಹೊರಗಡೆಯೇ ಇರುತ್ತದೆ. ಅಕ್ಕಿ ಮೂಟೆಗಳನ್ನು ಮಾತ್ರ ಸ್ವಲ್ಪ ಸರಿಸಿ, ಮೊದಲು ತೆಗೆದ ಫೋಟೋ ನೋಡಿಕೊಂಡು ಹಾಗೇ ಇಡುತ್ತೇವೆ. ದೇವರ ಪಟ ಮತ್ತು ಗಲ್ಲಾ ಪೆಟ್ಟಿಗೆ ಮುಟ್ಟುವುದಿಲ್ಲ. ನಿಮ್ಮ ಸಾಲದ ಪುಸ್ತಕವೂ ಬೇಡ, ನಮ್ಮದೇ ಒಂದನ್ನು ತರುತ್ತೇವೆ. ನಿಮ್ಮ ಕಡೆಯವರು ಒಬ್ಬರು ಪೂರ್ತಿ ಹೊತ್ತು ಜೊತೆಗಿರಲಿ ಎಂದು ಕೋರುತ್ತೇನೆ.
>
> ಎರಡು ಎಲ್‌ಇಡಿ ಲೈಟು ಹಾಕುತ್ತೇವೆ, ಎರಡೂ ಸೇರಿ 300 ವ್ಯಾಟ್. ಮಾತು ರೆಕಾರ್ಡ್ ಮಾಡುವಾಗ ಫ್ರಿಜ್ ಮತ್ತು ಫ್ಯಾನ್ ಆಫ್ ಮಾಡಬೇಕಾಗಬಹುದು. ಫ್ರಿಜ್ ಎಷ್ಟು ಹೊತ್ತು ಆಫ್ ಇರಬಹುದೆಂದು ನೀವೇ ಹೇಳಿ.
>
> ಬಾಡಿಗೆ ಕೊಡುವಷ್ಟು ಹಣ ನಮ್ಮಲ್ಲಿಲ್ಲ. ಕರೆಂಟಿನ ಖರ್ಚು, ಜೊತೆಗಿರುವವರಿಗೆ ಆ ಹೊತ್ತಿನ 600 ರೂಪಾಯಿ ಕೊಡುತ್ತೇವೆ. ಏನಾದರೂ ಒಡೆದರೆ ಅಥವಾ ಹಾಳಾದರೆ ಅದರ ಬೆಲೆ ಅಂದೇ ಕೊಡುತ್ತೇನೆ.
>
> ಅಂಗಡಿಯ ಬೋರ್ಡು ಚಿತ್ರದಲ್ಲಿ ಕಾಣಬಹುದೇ, ಬೇಡವೇ ತಿಳಿಸಿ. ಕಾಲೇಜಿನ ಪತ್ರ ಮತ್ತು ಕ್ಯಾಮೆರಾ ನಿಲ್ಲುವ ಜಾಗ ಗುರುತು ಮಾಡಿದ ಫೋಟೋ ಜೊತೆಗಿವೆ.
>
> ಶುಕ್ರವಾರ ಮೂರು ಗಂಟೆಗೆ ಅಂಗಡಿಗೆ ಬಂದು ಕೇಳುತ್ತೇನೆ. ಅನುಕೂಲ ಆಗದಿದ್ದರೆ ಹಾಗೆಂದು ಹೇಳಿದರೆ ಸಾಕು, ಸ್ವಲ್ಪವೂ ಬೇಸರವಿಲ್ಲ.
>
> ವಂದನೆಗಳು,
> ಹೆಸರು, ಕಾಲೇಜು, ಮೊಬೈಲ್ ನಂಬರ್

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸಾಲದ ಪುಸ್ತಕದ ಸಾಲು. ಆ ಪುಸ್ತಕದಲ್ಲಿ ಬೀದಿಯವರ ಹೆಸರು, ಬಾಕಿ ಎಲ್ಲಾ ಇರುತ್ತದೆ. ಅದು ಪರದೆ ಮೇಲೆ ಬಂದರೆ ಯಜಮಾನರ ಮಾನ ಹೋಗುತ್ತದೆ. ಅವರು ಕೇಳುವ ಮೊದಲೇ ಅವಳು ಅದನ್ನು ಯೋಚಿಸಿದ್ದಳು.

ಪಾತ್ರದ ವಿಷಯದಲ್ಲೂ ಇಷ್ಟೇ ನೇರವಾಗಿರಿ. ನಿಮ್ಮ ಕಥೆಯ ಅಂಗಡಿಯವನು ತೂಕದಲ್ಲಿ ಮೋಸ ಮಾಡುವವನಾದರೆ ಅದನ್ನೂ ಬರೆಯಲೇಬೇಕು. ಮುಚ್ಚಿಟ್ಟು ಅನುಮತಿ ಪಡೆದರೆ, ಚಿತ್ರ ನೋಡಿದ ದಿನ ಆ ಮನುಷ್ಯನಿಗೆ ತನ್ನ ಅಂಗಡಿಯಲ್ಲೇ ಅವಮಾನ ಆದಂತೆ.

300 ವ್ಯಾಟ್ ಎಂದರೆ ಇಸ್ತ್ರಿ ಪೆಟ್ಟಿಗೆ ಎಳೆಯುವುದರ ಅರ್ಧಕ್ಕಿಂತಲೂ ಕಡಿಮೆ. ನಾಲ್ಕೂವರೆ ಗಂಟೆ ಉರಿದರೂ ಒಂದೂವರೆ ಯೂನಿಟ್ ಮುಟ್ಟುವುದಿಲ್ಲ. ಅಂಕಿ ಕೊಟ್ಟರೆ ಫ್ಯೂಸ್ ಹೋದೀತು ಎಂಬ ಅಳುಕು ಹೋಗುತ್ತದೆ. ಹಾಗೆಯೇ ‘ನಿಮ್ಮ ಅಂಗಡಿಗೆ ಒಳ್ಳೆ ಪ್ರಚಾರ ಸಿಗುತ್ತದೆ’ ಎಂದು ಬರೆಯಬೇಡಿ. ಸಿಗುತ್ತದೆಂದು ನಿಮಗೇ ಗೊತ್ತಿಲ್ಲ ಅಲ್ವಾ?

ಲಗತ್ತು ಎರಡೇ ಇರಲಿ. ಪೂರ್ತಿ ಚಿತ್ರಕಥೆ ಕಳಿಸಬೇಡಿ, ಕೇಳಿದರೆ ಕೊಡಿ.

ಹೆಜ್ಜೆ 4: ಉತ್ತರ ಬಂದ ಮೇಲೆ

ಹೆಚ್ಚಿನವರು ಮೇಲ್‌ಗೆ ಮೇಲ್ ಬರೆಯುವುದಿಲ್ಲ. ‘ಆಯ್ತಮ್ಮ, ಬನ್ನಿ’ ಎಂದು ಬಾಯಲ್ಲೇ ಹೇಳುತ್ತಾರೆ. ಅಂದೇ ಸಂಜೆ ಎರಡು ಸಾಲು ಕಳಿಸಿ: ‘ಸರ್, ಇವತ್ತು ಮಾತಾಡಿದಂತೆ 19ರ ಭಾನುವಾರ ಎರಡರಿಂದ ಆರೂವರೆ, ಏಳು ಜನ. ಸರಿ ಎಂದರೆ ಒಂದು ‘ಓಕೆ’ ಕಳಿಸಿ.’ ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇದ್ದರೆ, ಶೂಟಿಂಗ್ ದಿನ ಒಂದು ಪುಟದ ಒಪ್ಪಿಗೆ ಪತ್ರ ಒಯ್ದು, ಅಲ್ಲಿ ತೆಗೆದ ದೃಶ್ಯವನ್ನು ಎಲ್ಲಿ ಬೇಕಾದರೂ ತೋರಿಸಬಹುದು ಎಂದು ಸಹಿ, ಅಂಗಡಿ ಸೀಲು ಹಾಕಿಸಿಕೊಳ್ಳಿ.

ಅಂಗಡಿಯವರ ಒಪ್ಪಿಗೆ ಅಂಗಡಿಯೊಳಗೆ ಮಾತ್ರ. ಮುಂದಿನ ಫುಟ್‌ಪಾತ್, ರಸ್ತೆಯಲ್ಲಿ ಕ್ಯಾಮೆರಾ ಇಡಲು ಬೇರೆ ಅನುಮತಿ ಬೇಕು. ದೇವರಾಜ ಮಾರುಕಟ್ಟೆಯಂಥ ಕಡೆ ಕಟ್ಟಡ ಪಾಲಿಕೆಯದು, ಹಾಗಾಗಿ ಅಲ್ಲೂ ಕೇಳಬೇಕಾಗುತ್ತದೆ. ಬಾಡಿಗೆ ಮಳಿಗೆಯಾದರೆ ಕಟ್ಟಡದ ಮಾಲೀಕರಿಗೆ ಗೊತ್ತಿದೆಯೇ ಎಂದು ಯಜಮಾನರನ್ನೇ ಕೇಳಿ.

ಆಗುವುದಿಲ್ಲ ಎಂದರೆ ಕಾರಣ ಕೇಳಬೇಡಿ. ‘ಓದಿ ಉತ್ತರ ಹೇಳಿದ್ದಕ್ಕೆ ವಂದನೆ ಸರ್’ ಎಂದು ಬರೆದು ಮುಂದಿನ ಅಂಗಡಿ ನೋಡಿ.

ನಮ್ಮ ವಿದ್ಯಾರ್ಥಿನಿಗೆ ಶುಕ್ರವಾರ ಸಿಕ್ಕ ಉತ್ತರ: ‘ಎರಡೂವರೆಗೆ ಬಾಮ್ಮ, ಊಟ ಮಾಡ್ಕೊಂಡು ಬರ್ತೀನಿ. ಆರೂವರೆಗೆ ಬಾಗಿಲು ಹಾಕ್ಬೇಕು. ಫ್ರಿಜ್ ಅರ್ಧ ಗಂಟೆ ಮಾತ್ರ, ಹಾಲಿದೆ.’ ಅರ್ಧ ಗಂಟೆ ಹೋಯಿತು. ಅವಳು ಸಮಯಕ್ಕಾಗಿ ಚೌಕಾಸಿ ಮಾಡಲಿಲ್ಲ, ಎರಡು ಶಾಟ್ ಬಿಟ್ಟಳು. ಮಾತಿರುವ ಶಾಟ್‌ಗಳನ್ನು ಒಟ್ಟಿಗೆ ಇಟ್ಟುಕೊಂಡಳು. ಫ್ರಿಜ್ ಆಫ್ ಮಾಡಿದ ಕೂಡಲೇ ತನ್ನ ಸ್ಕೂಟರ್ ಕೀಯನ್ನು ಅದರೊಳಗೆ ಹಾಲಿನ ಪ್ಯಾಕೆಟ್ ಪಕ್ಕ ಇಟ್ಟಳು. ಸೌಂಡ್ ಕೆಲಸದವರ ಹಳೆಯ ರೂಢಿ ಅದು: ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲ, ಹಾಗಾಗಿ ಫ್ರಿಜ್ ಆನ್ ಮಾಡಲು ಮರೆಯುವಂತಿಲ್ಲ. 28ನೇ ನಿಮಿಷಕ್ಕೆ ಫ್ರಿಜ್ ಮತ್ತೆ ಸದ್ದು ಮಾಡಿತು. ಆರೂಕಾಲಿಗೆ ಮೂಟೆಗಳು ತಮ್ಮ ಜಾಗಕ್ಕೆ ಬಂದಿದ್ದವು.