ಭಟ್ಟಿ ದೊಡ್ಡಪ್ಪಂದು, ಅಂಗಡಿ ಅಪ್ಪಂದು, ಲೆಕ್ಕ ನಂದು

ನಮ್ದು ದಾವಣಗೆರೆ, ಮನೇಲಿ ಮಂಡಕ್ಕಿ ವ್ಯಾಪಾರ. ಭಟ್ಟಿ ನೋಡ್ಕೊಳ್ಳೋದು ದೊಡ್ಡಪ್ಪ, ಹೋಲ್‌ಸೇಲ್ ಅಂಗಡಿ ನೋಡ್ಕೊಳ್ಳೋದು ಅಪ್ಪ, ಬಿಕಾಂ ಓದಿದ್ದಕ್ಕೆ ಲೆಕ್ಕ ನನ್ನ ತಲೆಗೆ ಬಿತ್ತು. ಮೊದ್ಲು ಎಲ್ಲಾ ಸೇರಿಸಿ ಒಂದೇ ಟ್ರೇಡಿಂಗ್ ಅಕೌಂಟ್ ಹಾಕ್ತಿದ್ವಿ, ಕೊನೇಲಿ ಲಾಭ ಇಷ್ಟು ಅಂತ ಬರ್ತಿತ್ತು, ಆದ್ರೆ ಅದು ಭಟ್ಟಿದೋ ಅಂಗಡಿದೋ ಅಂತ ಇಬ್ರೂ ಊಟಕ್ಕೆ ಕೂತಾಗೆಲ್ಲ ವಾದ. "ನಾನು ಹೊಗೇಲಿ ಬೇಯ್ತೀನಿ, ನೀನು ಫ್ಯಾನ್ ಕೆಳಗೆ ಕೂತು ದುಡ್ಡು ಎಣಿಸ್ತೀಯ" ಅಂತ ದೊಡ್ಡಪ್ಪ, "ನಾನು ಮಾರ್ದಿದ್ರೆ ನಿನ್ ಮಂಡಕ್ಕಿ ಮೆತ್ತಗಾಗ್ತಿತ್ತಲ್ಲಣ್ಣ" ಅಂತ ಅಪ್ಪ. ಅದಕ್ಕೆ ಹೋದ ವರ್ಷ ಮಾಲು ತಯಾರಿಸೋ ಖರ್ಚಿಗೆ ಅಂತ ಮ್ಯಾನುಫ್ಯಾಕ್ಚರಿಂಗ್ ಅಕೌಂಟ್ ಬೇರೆ ಮಾಡಿ, ಭಟ್ಟಿಯಿಂದ ಅಂಗಡಿಗೆ ಮಾಲು ಹೋಗೋದನ್ನ ಮಾರ್ಕೆಟ್ ರೇಟಲ್ಲಿ ಟ್ರಾನ್ಸ್‌ಫರ್ ಮಾಡಿ ನೋಡೇ ಬಿಡೋಣ ಅಂತ ಕೂತೆ.

ಮೊದ್ಲು ಪ್ರೈಮ್ ಕಾಸ್ಟ್, ಅಂದ್ರೆ ಮಾಲಿಗೇ ನೇರವಾಗಿ ಬೀಳೋ ಖರ್ಚು. ವರ್ಷದ ಶುರುಲಿ ಇದ್ದ ಭತ್ತ 1,80,000, ತಗೊಂಡಿದ್ದು 21,00,000, ಲಾರಿ ಬಾಡಿಗೆ ಹಮಾಲಿ 60,000, ಮಾರ್ಚ್ 31ಕ್ಕೆ ಉಳಿದ ಭತ್ತ 2,40,000 ಕಳೆದ್ರೆ ಖರ್ಚಾದ ಭತ್ತ 21,00,000. ಲಾರಿ ಬಾಡಿಗೆ ಇಲ್ಲೇ ಸೇರಬೇಕು, ಯಾಕಂದ್ರೆ ಭತ್ತ ಭಟ್ಟಿ ಬಾಗಿಲಿಗೆ ಬರೋ ತನಕದ ಖರ್ಚೆಲ್ಲ ಭತ್ತದ ರೇಟೇ. ಚೀಲದ ಲೆಕ್ಕದಲ್ಲಿ ಕೊಡೋ ಕೂಲಿ 4,20,000, ಹೊಟ್ಟು ಬಿಡಿಸೋಕೆ ಮಿಲ್ಲಿಗೆ ಕೊಟ್ಟಿದ್ದು 80,000. ಒಟ್ಟು 26,00,000.

ಆಮೇಲೆ ಫ್ಯಾಕ್ಟರಿ ಓವರ್‌ಹೆಡ್, ಅಂದ್ರೆ ಭಟ್ಟಿ ನಡೆಸೋಕೆ ಆಗೋ ಉಳಿದ ಖರ್ಚು. ಉರುವಲು 1,60,000, ಶೆಡ್ ಬಾಡಿಗೆ 60,000, ಕರೆಂಟು 30,000, ಮೇಸ್ತ್ರಿ ಸಂಬಳ 90,000, ಒಲೆ ಬಾಣಲೆ ರಿಪೇರಿ ಮರಳು ಎಲ್ಲಾ ಸೇರಿ 20,000, ಸಾಮಾನಿನ ಸವಕಳಿ 40,000, ಒಟ್ಟು 4,00,000. ಕೂಲಿಯವ್ರ ದುಡ್ಡು ಪ್ರೈಮ್ ಕಾಸ್ಟಲ್ಲಿ, ಮೇಸ್ತ್ರಿ ಸಂಬಳ ಮಾತ್ರ ಇಲ್ಲಿ ಯಾಕೆ ಅಂತ ದೊಡ್ಡಪ್ಪ ಕೇಳಿದ್ರು. ಮಳೆ ಬಂದು ಕಣ ಒದ್ದೆಯಾಗಿ ಒಂದು ಚೀಲನೂ ಹುರೀದಿದ್ರೂ ಮೇಸ್ತ್ರಿಗೆ ತಿಂಗಳ ಸಂಬಳ ಕೊಡ್ತೀವಲ್ಲ, ಕೂಲಿ ಹಂಗಲ್ಲ, ಚೀಲ ಆದ್ರೆ ಮಾತ್ರ, ಅಂದೆ.

ನಾನು ಎಡವಿದ್ದು ವರ್ಕ್ ಇನ್ ಪ್ರೋಗ್ರೆಸ್‌ನಲ್ಲಿ, ಅಂದ್ರೆ ಕೆಲಸ ಅರ್ಧಂಬರ್ಧ ಆಗಿರೋ ಮಾಲಿನ ಲೆಕ್ಕದಲ್ಲಿ. ಮಾರ್ಚ್ 31ಕ್ಕೆ ಭಟ್ಟಿಗೆ ಹೋಗಿ ನೋಡಿದ್ರೆ ತೊಟ್ಟೀಲಿ ನೆನೆಯೋ ಭತ್ತ, ಬೇಯಿಸಿ ಕಣದಲ್ಲಿ ಹರವಿರೋದು, ಮಿಲ್ಲಿಂದ ಬಂದು ಹುರಿಯೋಕೆ ಕಾಯ್ತಿರೋ ಅಕ್ಕಿ, ಹಿಂಗೆ ಮೂರು ತರ ಇರುತ್ತೆ. ಮೊದ್ಲು ನಾನು ಇದನ್ನೆಲ್ಲ ಭತ್ತ ಅಂತಾನೇ ಸ್ಟಾಕಿಗೆ ಬರೆದುಬಿಟ್ಟಿದ್ದೆ. ಅದರ ಮೇಲೆ ಆಗ್ಲೇ ಕೂಲಿ, ಉರುವಲು, ಮಿಲ್ ಖರ್ಚು ಬಿದ್ದಿದೆ ಅನ್ನೋದು ಹೊಳೀಲಿಲ್ಲ, ಆ ಖರ್ಚೆಲ್ಲ ಮುಗಿದ ಮಂಡಕ್ಕಿ ಮೇಲೇ ಕೂತು ಒಂದು ಚೀಲದ ಕಾಸ್ಟ್ ಸುಮ್ಮನೆ ಏರಿತ್ತು. ಈ ಸಲ ಮೇಸ್ತ್ರಿನ ಕೂರಿಸ್ಕೊಂಡು ಕೇಳ್ದೆ, ಇದೆಲ್ಲ ಮುಗಿದ್ರೆ ಎಷ್ಟು ಚೀಲ ಆಗುತ್ತೆ ಅಂತ, ಸುಮಾರು 300 ಅಂದ್ರು, ಕೆಲಸ ಮೂರರಲ್ಲಿ ಎರಡು ಪಾಲು ಆಗಿದೆ ಅಂದ್ರು. ಚೀಲಕ್ಕೆ ಭತ್ತ 284 ರೂಪಾಯಿ ಬೀಳುತ್ತೆ, ಅದು ಪೂರ್ತಿ ಹಾಕ್ಬೇಕು, ಯಾಕಂದ್ರೆ ಭತ್ತ ಮೊದಲ ದಿನಾನೇ ಒಳಗೆ ಹೋಗಿರುತ್ತೆ. ಉಳಿದ ಖರ್ಚು ಚೀಲಕ್ಕೆ 122, ಅದರಲ್ಲಿ ಮೂರರಲ್ಲಿ ಎರಡು ಪಾಲು. 85,200 ಮತ್ತೆ 24,400, ಹೆಚ್ಚುಕಮ್ಮಿ 1,10,000 ಅಂತ ಇಟ್ಕೊಂಡೆ. ಶುರುಲಿ ಇದ್ದಿದ್ದು 70,000. ಹಂಗಾಗಿ 26,00,000 ಮತ್ತೆ 4,00,000 ಕೂಡಿ, 70,000 ಸೇರಿಸಿ, 1,10,000 ಕಳೆದ್ರೆ ಮುಗಿದ ಮಾಲಿನ ಕಾಸ್ಟ್ 29,60,000. ಆಗಿದ್ದು 7,400 ಚೀಲ, ಚೀಲಕ್ಕೆ ಸರಿಯಾಗಿ 400.

ಈಗ ಟ್ರಾನ್ಸ್‌ಫರ್. ಮಾರ್ಕೆಟ್ ರೇಟ್ ಅಂದ್ರೆ ಯಾವ ರೇಟು? ದೊಡ್ಡಪ್ಪ ಅಂಗಡಿ ಮಾರೋ ರೇಟೇ ಹಾಕು ಅಂದ್ರು, ಸರಾಸರಿ 465. ಅದು ಹಾಕಿದ್ರೆ ಅಂಗಡಿಗೆ ಏನೂ ಉಳಿಯಲ್ಲ, ಮಾರೋ ಲಾಭನೂ ಭಟ್ಟಿ ನುಂಗುತ್ತೆ. ನಾವು ಕೇಳ್ಬೇಕಾಗಿದ್ದು ನಮ್ ಭಟ್ಟಿ ಇಲ್ದಿದ್ರೆ ಅಪ್ಪ ಪಕ್ಕದ ಭಟ್ಟಿಯಿಂದ ಎಷ್ಟಕ್ಕೆ ತರ್ತಿದ್ರು ಅಂತ. ನಮಗೆ ಮಾಲು ಸಾಲದಾಗ ಪಕ್ಕದವ್ರ ಹತ್ರ ತಂದ ಚೀಟಿಗಳಿದ್ವು, ಇಲ್ದಿದ್ದ ತಿಂಗಳಿಗೆ ಅವರ್ನೇ ಕೇಳಿ ಬರ್ಕೊಂಡೆ. ಹನ್ನೆರಡು ತಿಂಗಳ ರೇಟು ಕೂಡಿ ಹನ್ನೆರಡರಿಂದ ಭಾಗಿಸಿದ್ರೆ 447 ಬಂತು. ಅದೂ ತಪ್ಪು ನೋಡ್ರಿ. ಮಳೆಗಾಲದಲ್ಲಿ ಒಣಗಲ್ಲ, ಮಾಲು ಕಮ್ಮಿ, ರೇಟು ಜಾಸ್ತಿ, ಬೇಸಿಗೆಲಿ ಮಾಲು ಜಾಸ್ತಿ ರೇಟು ಕಮ್ಮಿ. ಆಯಾ ತಿಂಗಳ ಚೀಲಕ್ಕೆ ಆಯಾ ತಿಂಗಳ ರೇಟು ಹಾಕಿ ಕೂಡಿದ್ರೆ 440 ಬಂತು. ಏಳು ರೂಪಾಯಿ ತಾನೆ ಅನ್ಬೇಡಿ, 7,400 ಚೀಲಕ್ಕೆ 51,800.

7,400 ಚೀಲ 440ರಂಗೆ 32,56,000. ಇದು ಮ್ಯಾನುಫ್ಯಾಕ್ಚರಿಂಗ್ ಅಕೌಂಟಿಗೆ ಕ್ರೆಡಿಟ್, ಟ್ರೇಡಿಂಗಿಗೆ ಡೆಬಿಟ್. ಕಾಸ್ಟ್ ಕಳೆದು ಉಳಿದ 2,96,000 ಭಟ್ಟಿ ಲಾಭ, ಅದು ಪಿ ಅಂಡ್ ಎಲ್‌ಗೆ, ಅಂದ್ರೆ ಲಾಭ-ನಷ್ಟದ ಖಾತೆಗೆ ಹೋಯ್ತು. ದೊಡ್ಡಪ್ಪನ ಮುಖ ನೋಡ್ಬೇಕಿತ್ತು.

ಅಂಗಡೀಲಿ ಹಳೇ ಸ್ಟಾಕು 200 ಚೀಲ ಇತ್ತು, ಆಗಿನ ಕಾಸ್ಟಲ್ಲೇ 78,000. ಮಾರಿದ್ದು 7,100 ಚೀಲ, 33,01,500. ಉಳಿದಿದ್ದು 500 ಚೀಲ, 440ರಂಗೆ 2,20,000. ಟ್ರೇಡಿಂಗ್ ಲಾಭ 1,87,500 ಬಂತು. ಆದ್ರೆ ಆ 500 ಚೀಲ ಇನ್ನೂ ಅಂಗಡೀಲೇ ಇದೆಯಲ್ಲ, ಅದರೊಳಗೆ ಭಟ್ಟಿ ಲಾಭ ಚೀಲಕ್ಕೆ 40 ಕೂತಿದೆ, ಹೊರಗಿನವ್ರಿಗೆ ಮಾರೋ ತನಕ ಅದು ಲಾಭನೇ ಅಲ್ಲ, ನಮ್ ಎಡಗೈ ನಮ್ ಬಲಗೈಗೆ ಕೊಟ್ಟಂಗೆ. ಅದಕ್ಕೆ 20,000 ಪ್ರಾವಿಷನ್ ಅಂತ ಪಿ ಅಂಡ್ ಎಲ್‌ನಲ್ಲಿ ಕಳೆದೆ, ಬ್ಯಾಲೆನ್ಸ್ ಶೀಟಲ್ಲಿ ಸ್ಟಾಕು 2,20,000ದಿಂದ ಅದನ್ನ ಇಳಿಸಿ 2,00,000 ತೋರಿಸ್ದೆ. ಇಲ್ಲಿ ಮೊದ್ಲು 22,000 ಅಂತ ಬರೆದಿದ್ದೆ, ಲಾಭ ಹತ್ತು ಪರ್ಸೆಂಟ್ ಅಂತ 2,20,000ದ ಹತ್ತು ಪರ್ಸೆಂಟ್ ತೆಗೆದು. ಆ ಹತ್ತು ಕಾಸ್ಟ್ ಮೇಲಿನ ಹತ್ತು, ಸ್ಟಾಕಿನ ರೇಟಲ್ಲಿ ಅದು 110ರಲ್ಲಿ 10.

ತಪ್ಪು ಸಿಕ್ಕಿದ್ದು ತಾಳೆ ನೋಡಿದಾಗ. ಹಳೇ ಪದ್ಧತೀಲಿ, ಎಲ್ಲಾ ಕಾಸ್ಟಲ್ಲೇ ಹಾಕಿದ್ರೆ ಲಾಭ 4,63,500. ಹೊಸ ಪದ್ಧತೀಲಿ 2,96,000 ಮತ್ತೆ 1,87,500 ಕೂಡಿ ಪ್ರಾವಿಷನ್ ಕಳೆದ್ರೂ ಅಷ್ಟೇ ಬರ್ಬೇಕು. 2,000 ಕಮ್ಮಿ ಬಂತು, ಹುಡುಕಿದ್ರೆ ಇದು. ಮುಂದಿನ ವರ್ಷ ಪೂರ್ತಿ ಪ್ರಾವಿಷನ್ ಮತ್ತೆ ಕಳೆಯೋ ಹಂಗಿಲ್ಲ, 20,000ಕ್ಕಿಂತ ಎಷ್ಟು ಹೆಚ್ಚಾಯ್ತೋ ಕಮ್ಮಿ ಆಯ್ತೋ ಅಷ್ಟು ಮಾತ್ರ.

ಇನ್ನು ಅಂಗಡಿ ಖರ್ಚು, ಬಾಡಿಗೆ, ಹುಡುಗನ ಸಂಬಳ, ಟೆಂಪೋ ಸೇರಿ 2,10,000. ಅಂದ್ರೆ ಅಂಗಡಿಗೆ 22,500 ಲಾಸು. ಅಪ್ಪ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ್ರು, ಆಮೇಲೆ "ಭಟ್ಟಿಯಿಂದ ಅಂಗಡಿಗೆ ಬರೋ ಟೆಂಪೋ ಬಾಡಿಗೆ ನನ್ ತಲೆ ಮೇಲೆ ಯಾಕೆ ಹಾಕ್ದೆ?" ಅಂದ್ರು. ಕೇಳಿದ್ದು ಸರಿನೇ, ಆದ್ರೆ ಪಕ್ಕದವ್ರ 440 ಭಟ್ಟಿ ಬಾಗಿಲ ರೇಟು, ಅವರ ಹತ್ರ ತಂದಾಗ್ಲೂ ಟೆಂಪೋ ನಾವೇ ಕೊಟ್ಟಿದ್ವಿ, ಚೀಟೀಲಿ ಇದೆ ಅಂತ ತೋರಿಸ್ದೆ. ಅವತ್ತು ಮಾತಾಡ್ಲಿಲ್ಲ. ಏಪ್ರಿಲ್‌ನಿಂದ ಉದ್ರಿ ತಗೊಳ್ಳೋ ಗಿರಾಕಿಗಳಿಗೆ ಚೀಲಕ್ಕೆ ಐದು ರೂಪಾಯಿ ಏರಿಸಿದಾರೆ.