ದೂರಶಿಕ್ಷಣದ ಡಿಗ್ರಿ: ಫೀಸು ಕಟ್ಟುವ ಮೊದಲು ನೋಡಬೇಕಾದ ಪಟ್ಟಿ

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ಆಡಿಟರ್ ಆಫೀಸಿಗೆ ಹೋಗುತ್ತಾಳೆ, ಕೆಲಸ ಬಿಡದೆ ಎಂ.ಕಾಂ. ಮಾಡುವ ಆಸೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೆಂಟರಿನವರು ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರು ಹೇಳಿ, "ಯುಜಿಸಿ ಅಪ್ರೂವ್ಡ್ ಮೇಡಂ, ಧೈರ್ಯವಾಗಿ ಸೇರಿ" ಅಂದಿದ್ದರಂತೆ. "ಸೇರಲಾ ಅಣ್ಣಾ?" ಅಂತ ಕೇಳಿದಳು. ಒಂದು ದಿನ ತಡಿ, ದುಡ್ಡು ಕಟ್ಟಬೇಡ ಅಂದೆ.

ಆ ಸೆಂಟರಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆ. ಆದರೆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರುವುದು ಬೇರೆ, ಅದು ನಡೆಸುವ ದೂರಶಿಕ್ಷಣದ ಕೋರ್ಸಿಗೆ ಅನುಮತಿ ಇರುವುದು ಬೇರೆ. ಜನ ಎಡವುವುದೇ ಇಲ್ಲಿ. ಆ ಅನುಮತಿ ಕೊಡುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋ, ಎಲ್ಲರೂ ಡಿಇಬಿ ಅನ್ನುತ್ತಾರೆ.

ಹಾಗಾಗಿ ಮೊದಲು deb.ugc.ac.in ತೆರೆಯಿರಿ. ಅಲ್ಲಿ ಪಟ್ಟಿಗಳು ಶೈಕ್ಷಣಿಕ ವರ್ಷದ ಪ್ರಕಾರ ಇರುತ್ತವೆ, ಅದರಲ್ಲೂ ಜುಲೈ ಮತ್ತು ಜನವರಿ ಪ್ರವೇಶಗಳಿಗೆ ಬೇರೆ ಬೇರೆ. ನೀವು ಸೇರುವ ವರ್ಷ, ಸೇರುವ ತಿಂಗಳಿನ ಪಟ್ಟಿಯನ್ನೇ ನೋಡಬೇಕು, ಹೋದ ವರ್ಷದ್ದಲ್ಲ. ಅದರಲ್ಲಿ ವಿಶ್ವವಿದ್ಯಾಲಯದ ಹೆಸರು ಸಿಕ್ಕಿತು ಅಂತ ನಿಲ್ಲಬೇಡಿ, ನಿಮ್ಮ ಕೋರ್ಸಿನ ಹೆಸರು ಇದೆಯಾ ಹುಡುಕಿ. ದೂರಶಿಕ್ಷಣದ ಪಟ್ಟಿ ಮತ್ತು ಆನ್‌ಲೈನ್ ಕೋರ್ಸುಗಳ ಪಟ್ಟಿ ಕೂಡ ಬೇರೆ ಬೇರೆ. ನನ್ನ ತಂಗಿ ಕೇಳಿದ ಎಂ.ಕಾಂ. ಆನ್‌ಲೈನ್ ಪಟ್ಟಿಯಲ್ಲಿ ಮಾತ್ರ ಇತ್ತು, ದೂರಶಿಕ್ಷಣದಲ್ಲಿ ಇರಲಿಲ್ಲ. ಸೆಂಟರಿನವರು ಮಾರುತ್ತಿದ್ದದ್ದು ದೂರಶಿಕ್ಷಣದ್ದು.

ಆಮೇಲೆ ಊರಿನ ಪ್ರಶ್ನೆ. ರಾಜ್ಯದ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾಲಯ, ಸರ್ಕಾರಿಯಾಗಲಿ ಖಾಸಗಿಯಾಗಲಿ, ದೂರಶಿಕ್ಷಣವನ್ನು ತನ್ನ ರಾಜ್ಯದ ಹೊರಗೆ ನಡೆಸುವಂತಿಲ್ಲ. ಖಾಸಗಿ ಕೋಚಿಂಗ್ ಸೆಂಟರಿಗೆ ಫ್ರಾಂಚೈಸಿ ಕೊಡುವಂತೆಯೂ ಇಲ್ಲ. ಇಗ್ನೋ ಕೇಂದ್ರದ ಕಾಯ್ದೆಯಿಂದ ಬಂದದ್ದು, ಅದಕ್ಕೆ ಇಡೀ ದೇಶ ಮುಕ್ತ. ಆನ್‌ಲೈನ್ ಕೋರ್ಸಿಗೂ ಈ ಗಡಿ ಇಲ್ಲ, ಆದರೆ ಆಗ ನಡುವೆ ಸೆಂಟರಿನ ಕೆಲಸವೇ ಇರುವುದಿಲ್ಲ ಅಲ್ವಾ? ಫೀಸು ವಿಶ್ವವಿದ್ಯಾಲಯದ ಖಾತೆಗೆ ಹೋಗದೆ ಸೆಂಟರಿನವರ ಫೋನ್ ಪೇಗೆ ಹೋಗುತ್ತದೆ ಅಂದರೆ ಅಲ್ಲೇ ಎದ್ದು ಬನ್ನಿ.

ವರ್ಷ ಯಾಕೆ ಅಷ್ಟು ಮುಖ್ಯ ಅನ್ನುವುದು ನಮ್ಮ ರಾಜ್ಯದವರಿಗೆ ಚೆನ್ನಾಗಿ ಗೊತ್ತಿರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರವರೆಗೆ ಮಾತ್ರ ಮಾನ್ಯತೆ ಇತ್ತು, ಮುಂದಕ್ಕೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸು ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನೂ ಸೇರಿಸಿದ್ದು ದೊಡ್ಡ ಆಕ್ಷೇಪವಾಗಿತ್ತು. ಅಷ್ಟರಲ್ಲಿ ಎರಡು ವರ್ಷದ ವಿದ್ಯಾರ್ಥಿಗಳು ಸೇರಿ, ಓದಿ, ಪರೀಕ್ಷೆಯನ್ನೂ ಬರೆದಿದ್ದರು. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರಿಂದ. ಹಳೆಯ ಡಿಗ್ರಿ ಕೈಯಲ್ಲಿ ಇರುವವರು ಅದು ಮುಗಿದ ವರ್ಷವನ್ನಲ್ಲ, ತಾವು ಸೇರಿದ ವರ್ಷವನ್ನು ಪಟ್ಟಿಯಲ್ಲಿ ನೋಡಬೇಕು.

ಇನ್ನು ಡಿಇಬಿ ಐಡಿ, ಅಂದರೆ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿಗೆ ಸೇರುವ ವಿದ್ಯಾರ್ಥಿಯ ಗುರುತಿನ ಸಂಖ್ಯೆ. 2024ರ ಸೆಪ್ಟೆಂಬರ್‌ನಿಂದ ಶುರುವಾದ ಪ್ರವೇಶಗಳಿಗೆ ಇದು ಕಡ್ಡಾಯ. ಎಬಿಸಿ ಐಡಿ, ಅಂದರೆ ಓದಿದ ಕ್ರೆಡಿಟ್‌ಗಳು ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯ ಸಂಖ್ಯೆ, ಇಟ್ಟುಕೊಂಡು ಅದೇ ಡಿಇಬಿ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬೇಕು. ಐಡಿ ಬೇಡ, ಹಿಂದಿನ ವರ್ಷದ ಪ್ರವೇಶ ಹಾಕಿಸಿ ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇವೆ ಅನ್ನುವವರು ಕೊಡುವ ಕಾಗದಕ್ಕೆ ಬೆಲೆ ಇಲ್ಲ.

ಎಲ್ಲ ಕೋರ್ಸೂ ಹೀಗೆ ಸಿಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳಿಗೆ ಯುಜಿಸಿ ನಿಯಮದಲ್ಲಿ ದೂರಶಿಕ್ಷಣಕ್ಕೆ ಅವಕಾಶ ಇಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೆ ಕೊಟ್ಟ ಎಂಜಿನಿಯರಿಂಗ್ ಡಿಗ್ರಿಗಳ ಮೇಲೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅದನ್ನು ತೋರಿಸಿ ಬಡ್ತಿ ಪಡೆದಿದ್ದವರಿಗೂ ಪೆಟ್ಟು ಬಿತ್ತು. ಬಿ.ಎಡ್. ಆದರೆ ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಎನ್‌ಸಿಟಿಇ ಮಂಡಳಿಯ ಮಾನ್ಯತೆಯನ್ನೂ ಪ್ರತ್ಯೇಕವಾಗಿ ನೋಡಬೇಕು.

ಅನುಮತಿ ಇರುವ ದೂರಶಿಕ್ಷಣದ ಡಿಗ್ರಿ ಕಾಲೇಜಿನ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆಯ ಭಾಗವನ್ನು ಪೂರ್ತಿ ಓದಿ. ಶಿಕ್ಷಕರ ಹುದ್ದೆಗೆ ಡಿಗ್ರಿಯಲ್ಲಿ ಇಂಥ ವಿಷಯಗಳನ್ನೇ ಓದಿರಬೇಕು ಅಂತ ಇರುತ್ತದೆ, ಅದು ತಪ್ಪಿದರೆ ಮಾನ್ಯತೆ ಎಷ್ಟಿದ್ದರೂ ಕೆಲಸಕ್ಕೆ ಬರುವುದಿಲ್ಲ.

ತಂಗಿ ಕೊನೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ ಎಂ.ಕಾಂ. ಸೇರಿದಳು, ಆ ವರ್ಷದ ಪಟ್ಟಿಯಲ್ಲಿ ಹೆಸರು ನೋಡಿದ ಮೇಲೆ. ಆ ಪಟ್ಟಿಯ ಪುಟವನ್ನು ಪ್ರಿಂಟ್ ತೆಗೆದು, ತಾರೀಖು ಬರೆದು, ಫೀಸಿನ ರಸೀದಿ ಜೊತೆ ಫೈಲಿನಲ್ಲಿ ಇಟ್ಟಿದ್ದಾಳೆ. ನಾಲ್ಕೈದು ವರ್ಷ ಆದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಯಾರಾದರೂ ಕೇಳಿದರೆ ಆ ಜಾಲತಾಣದಲ್ಲಿ ಹಳೆಯ ಪಟ್ಟಿ ಹುಡುಕುತ್ತಾ ಕೂರಬೇಕಿಲ್ಲ.